ಕಸೂತಿ ಬ್ಯಾಡ, ಕ್ಯಾಮೆರಾ ಬ್ಯಾಡ, ನಾನಖಟಾಯಿ ಮಾಡ್ರಿ

ನಮ್ಮ ಕಡೆ ಯಾವ ಹೆಣ್ಮಗಳು "ಮನ್ಯಾಗ ಕುಂತು ನಾಕು ರೊಕ್ಕ ಗಳಸ್ಬೇಕು" ಅಂದ್ರೂ ಹೇಳೋ ಮಾತು ಒಂದ: "ಕಸೂತಿ ಹಾಕವಾ, ಅದು ನಮ್ಮ ಧಾರವಾಡದ ಕಲಾ." ಹಿಂಗ ಹೇಳೋರೊಳಗ ಅರ್ಧಾ ಮಂದಿ ಸೂಜಿ ಹಿಡಿದವರಲ್ಲ. ನಾ ಹದಿನೈದು ವರ್ಷದಿಂದ ಹಿಡಿದೀನಿ. ಕಸೂತಿ ಅಂದ್ರ ನನಗ ಜೀವ. ಆದ್ರ ತಿಂಗಳಾ ತಿಂಗಳಾ ಬರೋ ರೊಕ್ಕಕ್ಕ ಅದನ್ನ ನಂಬಬ್ಯಾಡ್ರಿ ಅಂತ ನಾನ ಹೇಳ್ತೀನಿ.

ಕಾರಣ ಕಸೂತಿಯೊಳಗನ ಐತಿ. ಬಟ್ಟಿ ಎಳಿ ಎಣಿಸಿ ಹಾಕೂದು, ಗಂಟು ಹಾಕೂ ಹಂಗಿಲ್ಲ. ಗವಂತಿ ಒಳಗ ಸೂಜಿ ಒಂದು ಹಾದಿ ಹೋಗಿ ಅದ ಹಾದಿ ತುಂಬಕೋತ ವಾಪಸ್ ಬರಬೇಕು, ಹಿಂದ ಮುಂದ ಎರಡೂ ಕಡೆ ಒಂದ ನಮೂನಿ ಕಾಣಬೇಕು. ಹೋಗುಮುಂದ ಒಂದು ಎಳಿ ತಪ್ಪಿದ್ರ ಬರುಮುಂದ ಗೋಪುರ ಕೂಡೂದಿಲ್ಲ, ಬಿಚ್ಚೂದ ಗತಿ. ಒಂದು ಇಳಕಲ್ ಸೀರಿ ಸೆರಗಿಗೆ ತೇರು, ಆನಿ, ಒಡಲಿಗೆ ಅಲ್ಲಲ್ಲೆ ಬುಟ್ಟಾ ಅಂತ ಹಾಕಿದ್ರ, ಮನಿ ಕೆಲಸ ಮುಗಿಸಿ ದಿನಕ್ಕ ನಾಕು ತಾಸು ಕುಂತ್ರೂ ನನಗ ಇಪ್ಪತ್ತೈದು ದಿನ ಹಿಡೀತೈತಿ. ನೂರು ತಾಸು. ಸೀರಿ, ದಾರ ಕೊಟ್ಟು ಮನಿಗೆ ಕೆಲಸ ತಂದು ಹಾಕೋರು ನನ್ನಂಥೋರ ಕೈಯಾಗ ಇಡೂದು ಮೂರು ಸಾವಿರ. ತಾಸಿಗೆ ಮೂವತ್ತು ರೂಪಾಯಿ ಆತು. 2024-25ರಾಗ ನಮ್ಮ ರಾಜ್ಯದಾಗ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 349 ರೂಪಾಯಿ ಇತ್ತು, ಎಂಟು ತಾಸಿಗೆ ಹಂಚಿದ್ರ ತಾಸಿಗೆ 43. ಅಂದ್ರ ಮಣ್ಣು ಹೊತ್ರೂ ಕಸೂತಿಗಿಂತ ಹೆಚ್ಚು, ಮ್ಯಾಲೆ ಕಣ್ಣರೆ ಉಳೀತಾವ.

"ಕಸೂತಿಗೆ ಜಿಐ ಗುರುತು ಸಿಕ್ಕೈತಲ್ಲ" ಅಂತೀರಿ. ಆ ಗುರುತು ಹೇಳೂದು ಮಾಲು ಎಲ್ಲಿದು ಅಂತ ಅಷ್ಟ, ಹಾಕಿದಾಕಿಗೆ ಎಷ್ಟು ಕೊಡಬೇಕು ಅಂತಲ್ಲ. ನಮ್ಮ ನವಲಗುಂದದ ಜಮಖಾನಾಕ್ಕೂ ಅದ ಗುರುತು ಐತಿ. ಅದನ್ನ ನೇಯೋ ಹೆಣ್ಮಕ್ಕಳು ಮೊದಲಿಗಿಂತ ಹೆಚ್ಚಾಗ್ಯಾರೋ ಕಡಿಮಿ ಆಗ್ಯಾರೋ, ಆ ಊರಾಗ ಹೋಗಿ ಕೇಳ್ರಿ. ಧಾರವಾಡ ಶಹರದಾಗ ಕಸೂತಿಯಿಂದ ಛಲೋ ಗಳಸೋರು ಇದ್ದಾರ, ಇಲ್ಲ ಅನ್ನೂದಿಲ್ಲ. ಆದ್ರ ಅವರು ಗಳಸೂದು ಗಿರಾಕಿ ಹಿಡಿದು ಮಾರಿ. ಹಳ್ಳ್ಯಾಗ ಕುಂತು ಹಾಕಾಕಿಗೆ ಸಿಗೂದು ಟಾಕಿ ರೊಕ್ಕ. ಮಗಳ ಕುಬಸಕ್ಕ ಹಾಕ್ರಿ, ಸೊಸಿ ಸೆರಗಿಗೆ ಹಾಕ್ರಿ, ಅದರ ಸುಖಾನ ಬ್ಯಾರೆ.

ಇನ್ನ ಕ್ಯಾಮೆರಾ. ಇದಕ್ಕ ಭಾಳ ಮಾತು ಬ್ಯಾಡ. ಹಳ್ಳ್ಯಾಗ ಫೋಟೋಕ್ಕ ರೊಕ್ಕ ಕೊಡೂದು ಮದುವಿಗೆ, ಸೀಮಂತಕ್ಕ, ಮನಿ ಶಾಂತಿಗೆ. ಆಷಾಢದಾಗ ಮದುವಿ ಇಲ್ಲ, ಧನುರ್ಮಾಸದಾಗ ಇಲ್ಲ. ಕಾರ್ಯ ಇರೋ ದಿನ ಒಂದ ಮುಹೂರ್ತಕ್ಕ ನಾಕು ಊರಾಗ ಅಕ್ಕಿಕಾಳು, ನಿಮ್ಮ ಕಡೆ ಇರೂದು ಒಂದ ಕ್ಯಾಮೆರಾ. ಸಂಘದ ಸಾಲದ ಕಂತಿಗೆ ಆಷಾಢ ಗೊತ್ತಿಲ್ಲ, ಅದು ತಿಂಗಳಾ ಬರತೈತಿ. ಮಳಿಗಾಲದಾಗ ತಂಪಿಗೆ ಲೆನ್ಸಿನ್ಯಾಗ ಬೂಸ್ಟು ಹಿಡಿದ್ರ ಅದರ ಖರ್ಚು ಬ್ಯಾರೆ. ನಮ್ಮ ಓಣ್ಯಾಗ ಒಬ್ಬಾಕಿ ಸೊಸಿ ಸದ್ಯ ಕ್ಯಾಮೆರಾಕ್ಕಂತ ಸಂಘದಾಗ ಎಪ್ಪತ್ತು ಸಾವಿರ ಕೇಳಾಕ ನಿಂತಾಳ. ಆಕಿ ಸಲುವಾಗಿನ ನಾ ಇಷ್ಟು ಗಟ್ಟಿಯಾಗಿ ಬರ್ಯಾಕತ್ತೀನಿ.

ಉಳಿದದ್ದು ಬೇಕಿಂಗ್. ಇಲ್ಲೂ ಎಲ್ಲಾರೂ ಓಡೂದು ಕ್ರೀಮ್ ಕೇಕಿಗೆ, ಯಾಕಂದ್ರ ಫೋಟೋದಾಗ ಅದು ಚಂದ ಕಾಣತೈತಿ. ಕ್ರೀಮಿನ ಡಬ್ಬಿ ಅಂಗಡ್ಯಾಗ ಗಡ್ಡಿ ಕಟ್ಟಿದ್ದ ಇರತೈತಿ. ಒಮ್ಮೆ ಕರಗಿಸಿದ್ರ ಫ್ರಿಜ್ಜಿನ್ಯಾಗಿಟ್ಟು ಕೆಲವ ದಿನದಾಗ ಮುಗಿಸಬೇಕು, ತಿರುಗಿ ಗಡ್ಡಿ ಕಟ್ಟಿಸಿದ್ರ ಏಳೂದಿಲ್ಲ. ನಮ್ಮಲ್ಲೆ ಮಧ್ಯಾಹ್ನ ಕರೆಂಟ್ ಹೋದ್ರ ಯಾವಾಗ ಬರತೈತೋ. ಏಪ್ರಿಲ್ ಬಿಸಲಾಗ ಕುಂದಗೋಳದಿಂದ ಬಾಜೂ ಹಳ್ಳಿಗೆ ಗಾಡಿ ಮ್ಯಾಲೆ ಒಯ್ಯೂದ್ರಾಗ ಗುಲಾಬಿ ಹೂವು ಜಾರಿ ಪೆಟ್ಟಿಗಿಗೆ ಹತ್ತತೈತಿ. ಬ್ಯಾಸಗಿ ಬಿಟ್ಟು, ಮುಂಗಡ ಇಸಗೊಂಡು, ನಿಮ್ಮ ಊರಿನೊಳಗಿಂದ ಅಷ್ಟ ಅರ್ಧಾ ಕಿಲೋ ಮೊಟ್ಟಿ ಇಲ್ಲದ ಕೇಕ್ ಮಾಡಿಕೊಡ್ರಿ. ಅದರ ಮ್ಯಾಲೆ ಸಂಸಾರ ನಿಲ್ಲಸಬ್ಯಾಡ್ರಿ.

ನಿಲ್ಲಸೂದಾದ್ರ ನಾನಖಟಾಯಿ ಮ್ಯಾಲೆ. ಮೊಟ್ಟಿ ಇಲ್ಲ, ಹಾಲಿಲ್ಲ, ನೀರಿಲ್ಲ, ಹಿಂಗಾಗಿ ಬಿಗಿ ಡಬ್ಬ್ಯಾಗ ಹದಿನೈದು ದಿನ ಕೆಡೂದಿಲ್ಲ. ಸ್ವಾಮಿಗಳು ಮನಿಗೆ ಬಂದ್ರೂ ಇಡಬಹುದು. ಚಾ ಕುಡಿಯಾಕ ಮುಹೂರ್ತ ಬೇಕಿಲ್ಲ.

ಒಂದು ಕಿಲೋದ ಲೆಕ್ಕ ಹೇಳ್ತೀನಿ. ಮೈದಾ 400 ಗ್ರಾಂ, ಕಡ್ಲಿ ಹಿಟ್ಟು 100, ಡಾಲ್ಡಾ 300, ಪುಡಿ ಮಾಡಿದ ಸಕ್ಕರಿ 250, ಯಾಲಕ್ಕಿ, ಚಿಟಿಕಿ ಉಪ್ಪು, ಒಂದು ಚಮಚಾ ಬೇಕಿಂಗ್ ಪೌಡರ್. ಬೆಂದ ಮ್ಯಾಲೆ ಕಿಲೋಕ್ಕ ಸ್ವಲ್ಪ ಕಡಿಮಿ ಇಳೀತೈತಿ. ನಮ್ಮ ಅಂಗಡಿ ಬೆಲಿಗೆ ಸಾಮಾನು, ಕರೆಂಟು, ಪ್ಯಾಕೆಟ್ ಎಲ್ಲಾ ಸೇರಿ ಮಾರಾಕ ಸಿಗೋ ಒಂದು ಕಿಲೋಕ್ಕ 120 ರೂಪಾಯಿ ಬೀಳತೈತಿ. ಮನಿ ಬಾಗಲಿಗೆ ಬಂದವರಿಗೆ 240ಕ್ಕ ಕೊಡ್ತೀನಿ, ಚಾದಂಗಡಿಗೆ 200ಕ್ಕ. ವಾರಕ್ಕ ಆರು ಕಿಲೋ, ಅರ್ಧಾ ಅಲ್ಲೆ ಅರ್ಧಾ ಇಲ್ಲೆ ಅಂತ ಹಿಡಿದ್ರ ಕೈಯಾಗ ಉಳಿಯೂದು ವಾರಕ್ಕ 600, ತಿಂಗಳಿಗೆ 2,400. ಎರಡು ಕಿಲೋಕ್ಕ ಮೂರು ತಾಸು ಬೇಕು, ಅಂದ್ರ ತಾಸಿಗೆ 66ರ ಮ್ಯಾಲೆ. ದೊಡ್ಡ ರೊಕ್ಕ ಅಲ್ಲ. ಆದ್ರ ಆಷಾಢದಾಗೂ ಬರತೈತಿ, ಹೋಳಿಗೆ ನವಲಗುಂದದ ಕಾಮಣ್ಣನ್ನ ನೋಡಾಕ ಮಂದಿ ಬಂದಾಗ ಎರಡು ಪಟ್ಟು ಬರತೈತಿ. ತುಪ್ಪದಾಗ ಮಾಡಿದ್ರ ಖರ್ಚು ಡಬಲ್ ಆಗತೈತಿ, ಬೆಲಿ ಹಂಗ ಏರಸಬೇಕು. ಡಾಲ್ಡಾ ಹಾಕಿ "ತುಪ್ಪದ್ದು" ಅನ್ನಬ್ಯಾಡ್ರಿ, ಬಾಯಿ ಸುಳ್ಳು ಹೇಳಿದ್ರೂ ನಾಲಿಗಿ ಮ್ಯಾಲಿನ ಜಿಡ್ಡು ಹೇಳತೈತಿ.

ಕೆಡೂದು ಎರಡ ಕಡೆ. ಬ್ಯಾಸಗ್ಯಾಗ ಡಾಲ್ಡಾ ಕರಗಿ ಹಿಟ್ಟು ಮೆತ್ತಗಾಗತೈತಿ, ಅದನ್ನ ಹಂಗ ಇಟ್ರ ನಾನಖಟಾಯಿ ಹಪ್ಪಳದಂಗ ಹರಡತಾವ. ಉಂಡಿ ಮಾಡಿ ಅರ್ಧಾ ತಾಸು ಫ್ರಿಜ್ಜಿನ್ಯಾಗ ಇಲ್ಲಾ ತಣ್ಣೀರಿನ ಪರಾತದ ಮ್ಯಾಲೆ ಇಡ್ರಿ. ಇನ್ನೊಂದು, ಬೇಯೂದು. ಒವನ್ ಮೊದಲ ಹತ್ತು ಮಿನಿಟ್ ಕಾಸಿ, 160 ಡಿಗ್ರಿಗೆ ಇಪ್ಪತ್ತು ಮಿನಿಟ್. ಮ್ಯಾಲೆ ಬಿರುಕು ಬಿಟ್ಟು, ತಳ ಕೆಂಪಗ, ಮ್ಯಾಲೆ ಬೆಳ್ಳಗ ಇದ್ರ ಆತು. ಬಿಸಿ ಇದ್ದಾಗ ಮೆತ್ತಗನ ಇರತಾವ, ಹಸಿ ಅಂತ ತಿಳಿದು ಮತ್ತ ಒಳಗ ಇಡಬ್ಯಾಡ್ರಿ, ಆರಿದ ಮ್ಯಾಲೆ ಗರಿ ಆಗತಾವ. ಪೂರಾ ಆರಸದ ಡಬ್ಬಿಗೆ ತುಂಬಿದ್ರ ಬೆವತು ಮೂರ ದಿನಕ್ಕ ವಾಸನಿ ಬರತೈತಿ.

ಒವನ್ ಮೊದಲಿಗೆ ತರಬ್ಯಾಡ್ರಿ. ದಪ್ಪ ಬುಡದ ಪಾತೇಲಿಯೊಳಗ ಉಪ್ಪು ಹಾಸಿ, ಮ್ಯಾಲೆ ಸ್ಟ್ಯಾಂಡು, ಅದರ ಮ್ಯಾಲೆ ತಾಟು ಇಟ್ಟು ನಾಕು ವಾರ ಪಾವು ಪಾವು ಕಿಲೋ ಮಾಡಿ ಮಾರ್ರಿ. ಒಬ್ಬ ಗಿರಾಕಿ ಮೂರನೇ ಸಲ ರೊಕ್ಕ ಕೊಟ್ಟು ಒಯ್ದ್ರ ಆಗ ಆರೇಳು ಸಾವಿರದ ಒವನ್ ತರ್ರಿ, ಮೂರು ತಿಂಗಳದಾಗ ಅದು ತನ್ನ ರೊಕ್ಕ ತಾ ತೀರಸತೈತಿ. ಸಂಜಿ ವೋಲ್ಟೇಜ್ ಇಳದಾಗ ಕಾಯಿಲ್ ಕೆಂಪಾಗೂದಿಲ್ಲ, ಹಿಂಗಾಗಿ ಕರೆಂಟ್ ಛಲೋ ಇರೋ ಹೊತ್ತು ನೋಡಿ ಹಚ್ಚರಿ. ಗೃಹಜ್ಯೋತಿ ಐತಿ ಅಂತ ಪುಕ್ಕಟ್ಟೆ ತಿಳಕೋಬ್ಯಾಡ್ರಿ: ನಿಮ್ಮ ಸರಾಸರಿಗೆ ಒಂದಿಷ್ಟು ಕೂಡಿಸಿದಷ್ಟ ಮಾಫಿ, ಮುಂದಿಂದಕ್ಕ ಬಿಲ್, 200 ಯುನಿಟ್ ದಾಟಿದ್ರ ಪೂರಾ ಬಿಲ್ ನಿಮ್ಮದು. ಮಾರಾಕ ಹಚ್ಚೂ ಮೊದಲ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಸ್ರಿ, ಫೀ ವರ್ಷಕ್ಕ ನೂರು ರೂಪಾಯಿ.

ಒಂದು ಊರಾಗ ಇಬ್ಬರು ಮಾಡಿದ್ರ ನಡೀತೈತಿ, ಹತ್ತು ಮಂದಿ ಮಾಡಿದ್ರ ಹತ್ತೂ ಮಂದಿದು ಉಳೀತಾವ. ಒಬ್ಬಾಕಿ ನಾನಖಟಾಯಿ ಹಿಡಿದ್ರ ಬಾಜೂ ಮನ್ಯಾಕಿ ಜ್ವಾಳದ ಖಾರಾ ಬಿಸ್ಕಿಟ್ ಹಿಡೀರಿ. ಮತ್ತ ವೈನಿ, ಚಿಗವ್ವ, ಅತ್ತಿಗವ್ವ, "ನಮ್ಮಾಕೀನ ಅಲ್ಲಾ" ಅಂತ ಡಬ್ಬಿ ತಗೊಂಡು ಬರೋರಿಗೆ ಎರಡು ತಿನ್ನಾಕ ಕೊಡ್ತೀನಿ, ಚಾನೂ ಕೊಡ್ತೀನಿ. ಡಬ್ಬಿ ತುಂಬಸೂದಾದ್ರ ಕಿಲೋಕ್ಕ 240.