ಪ್ರಿವ್ಯೂ ಇಳಿಸಿದರೆ ಸಾಲದು, ಪ್ರಾಕ್ಸಿ ಬೇಕು

ಹಳೆಯ ಲ್ಯಾಪ್‌ಟಾಪಿನಲ್ಲಿ ಎಡಿಟಿಂಗ್ ತಡವರಿಸತೊಡಗಿದರೆ ನಾವೆಲ್ಲ ಮೊದಲು ಮಾಡುವುದು ಪ್ರಿವ್ಯೂ ರೆಸಲ್ಯೂಷನ್ ಇಳಿಸುವುದು. ಫೋನಿನ 4ಕೆ ವಿಡಿಯೋ ಆದರೆ ಅದರಿಂದ ಅಷ್ಟೇನೂ ಪ್ರಯೋಜನವಿಲ್ಲ ಎಂಬುದು ನನ್ನ ವಾದ.

ಫೋನು ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ ಇಟ್ಟು, ನಡುವೆ ಬದಲಾದದ್ದನ್ನಷ್ಟೇ ಬರೆಯುತ್ತದೆ. ನೀವು ನಡುವಿನ ಫ್ರೇಮಿಗೆ ಹಾರಿದರೆ ಕಂಪ್ಯೂಟರು ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಹಾಕುತ್ತ ಬರಬೇಕು, ಅದೂ 4ಕೆ ಗಾತ್ರದಲ್ಲೇ. ಪ್ರಿವ್ಯೂ ಕುಗ್ಗುವುದು ಸಾಮಾನ್ಯವಾಗಿ ಈ ಕೂಲಿಯೆಲ್ಲ ಮುಗಿದ ಮೇಲೆ.

ಪರೀಕ್ಷಿಸುವುದು ಸುಲಭ. ಎಫೆಕ್ಟ್ ಏನೂ ಹಾಕದ ಒಂದೇ ಕ್ಲಿಪ್ಪನ್ನು ಓಡಿಸಿ, ಹಿಂದೆ ಮುಂದೆ ಎಳೆದು ನೋಡಿ. ಅದು ಸರಾಗವಾಗಿದ್ದು, ಎಫೆಕ್ಟ್ ಹಾಕಿದ ಕಡೆ ಮಾತ್ರ ನಿಂತರೆ ಪ್ರಿವ್ಯೂ ಇಳಿಸಿದರೆ ಸಾಕು. ಬರಿಯ ಕ್ಲಿಪ್ಪೇ ಎಡವಿದರೆ ಪ್ರಾಕ್ಸಿ ಮಾಡಿ.

ಆಗಲೂ ಚಿಕ್ಕ ಕಡತದ ಆಸೆಗೆ ಎಚ್.264 ಆರಿಸಬೇಡಿ, ಗಾತ್ರ ಇಳಿದರೂ ಆ ಹಾರಾಟದ ಲೆಕ್ಕ ಉಳಿಯುತ್ತದೆ. ಪ್ರತಿ ಫ್ರೇಮನ್ನೂ ಬಿಡಿಯಾಗಿ ಇಡುವ ಪ್ರೋರೆಸ್ ಪ್ರಾಕ್ಸಿಯಂಥದ್ದು ಮೇಲು. 1280×720ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳು ಮೂಲದ ಒಂಬತ್ತನೆಯ ಒಂದು ಪಾಲು. ಸೆಕೆಂಡಿಗೆ 25 ಫ್ರೇಮಿನಂತೆ ಒಂದು ಗಂಟೆಗೆ ಸುಮಾರು 7 ಜಿಬಿ ಜಾಗ ಹೋಗುತ್ತದೆ. ಹೋಗಲಿ, ಹೊಸ ಲ್ಯಾಪ್‌ಟಾಪಿಗಿಂತ ಡಿಸ್ಕ್ ಅಗ್ಗ.

ಮೂಲ ಕಡತ ಮಾತ್ರ ಅಳಿಸಬೇಡಿ, ಕೊನೆಯ ರೆಂಡರ್ ಆಗಬೇಕಾದದ್ದು ಅದರಿಂದಲೇ. ಮುಖ ಫೋಕಸ್ಸಿನಲ್ಲಿದೆಯೇ ಎಂಬುದನ್ನೂ ಪ್ರಾಕ್ಸಿ ನೋಡಿ ತೀರ್ಮಾನಿಸಲಾಗದು. ಅಂಥ ಶಾಟ್ ಬಂದಾಗ ಪ್ರಾಕ್ಸಿ ಆರಿಸಿ, ಮೂಲದಲ್ಲೇ ಒಂದು ಫ್ರೇಮ್ ನಿಲ್ಲಿಸಿ ನೋಡಿ.