ದನಿಯ ಅಳತೆ, ಅರಿವಿನ ಅಳತೆಯಲ್ಲ

ಮನೆಗೆ ಬಂದವರನ್ನು ಜಮಖಂಡಿಯಲ್ಲಿ ‘ಬರ್ರಿ, ಕೂಡ್ರಿ’ ಎಂದು ಬರಮಾಡಿಕೊಳ್ಳುತ್ತಾರೆ. ಕೊನೆಯ ‘ರಿ’ಯಲ್ಲಿಯೇ ಮರ್ಯಾದೆಯೆಲ್ಲ ಅಡಗಿದೆ. ‘ಬನ್ನಿ, ಕುಳಿತುಕೊಳ್ಳಿ’ ಎಂಬುದನ್ನೇ ಕೇಳಿ ಬೆಳೆದ ಕಿವಿಗೆ ಅದು ಒರಟು ಅಪ್ಪಣೆಯಂತೆ ತೋರಬಹುದು. ‘ಐತಿ’ ಎಂದವನು ಓದಿದವನಲ್ಲವೆಂಬ ತೀರ್ಮಾನವೂ ಒಡನೆಯೇ ಹುಟ್ಟೀತು.

ಈ ತೀರ್ಮಾನ ಎಷ್ಟು ಪೊಳ್ಳೆಂಬುದನ್ನು ಕೆನಡಾದ ವಿದ್ವಾಂಸ ವಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಪ್ರಯೋಗವು ತೋರಿತು. ಎರಡು ಭಾಷೆ ಬಲ್ಲ ಒಬ್ಬನೇ ಒಂದೇ ವಿಷಯವನ್ನು ಇಂಗ್ಲಿಷಿನಲ್ಲಿಯೂ ಫ್ರೆಂಚಿನಲ್ಲಿಯೂ ಓದಿದನು. ಇಬ್ಬರು ಓದಿದರೆಂದು ಭಾವಿಸಿದ ಕೇಳುಗರು ಇಂಗ್ಲಿಷಿನವನೇ ಹೆಚ್ಚು ಚೆಲುವ, ಹೆಚ್ಚು ಬುದ್ಧಿವಂತ ಎಂದರು. ಫ್ರೆಂಚ್ ಮನೆಮಾತಿನವರ ಎಣಿಕೆಯೂ ಹಾಗೆಯೇ ಇತ್ತು. ತನ್ನ ನುಡಿಯನ್ನು ತಾನೇ ಕೀಳೆಣಿಸುವುದೇ ಇಲ್ಲಿಯ ದೊಡ್ಡ ಹಾನಿ.

ಸಂಸ್ಕೃತವೇ ಪಾಂಡಿತ್ಯದ ಗುರುತಾಗಿದ್ದ 12ನೆಯ ಶತಮಾನದಲ್ಲಿ ಶರಣರು ಅನುಭಾವವನ್ನು ಆಡುಗನ್ನಡದಲ್ಲಿಯೇ ನುಡಿದರು. ಕೇಳುವವರಿಗೆ ಅರ್ಥವಾಗದ ಪದವನ್ನು ಬದಲಿಸುವುದು ವಿವೇಕ. ಅರ್ಥವಾದ ಮೇಲೂ ದನಿಗೆ ನಾಚುವುದು ಸಲ್ಲದು.