ಉಂಡ ಮೇಲಿನ ಕವಳ ಅನ್ನ ಅರಗಿಸುವುದಿಲ್ಲ, ಎದೆ ಉರಿಸುತ್ತದೆ

ಜಾಲಿಯಿಂದ ಕುಮಟಾದವರೆಗೆ ಯಾವ ಮನೆಗೆ ಹೋದರೂ ಉಂಡ ಮೇಲೆ ಕವಳದ ತಟ್ಟೆ ಮುಂದೆ ಬರುತ್ತದೆ. ಎಲೆ, ಅಡಿಕೆ, ಸುಣ್ಣ, ಜೊತೆಗೊಂದು ಎಸಳು ಹೊಗೆಸೊಪ್ಪು. ಕವಳ ಹಾಕದವರು ಅಂಗಳಕ್ಕೆ ಹೋಗಿ ಬೀಡಿ ಹಚ್ಚುತ್ತಾರೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಉಂಡದ್ದು ಅರಗಬೇಕಲ್ಲ ಮಾರಾಯ್ರೇ." ಅದೇ ಮನೆಯ ಗೋಡೆಗೂಡಿನಲ್ಲಿ ಗ್ಯಾಸಿನ ಮಾತ್ರೆಯ ಸ್ಟ್ರಿಪ್ ಕೂಡ ಇರುತ್ತದೆ. ಹೊಗೆಸೊಪ್ಪು ಎದೆಯಲ್ಲಿ ಬೆಂಕಿ ಹಚ್ಚುತ್ತದೆ, ಮಾತ್ರೆ ಅದಕ್ಕೆ ನೀರು ಹೊಯ್ಯುತ್ತದೆ. ಎರಡಕ್ಕೂ ದುಡ್ಡು ಹೋಗುವುದು ನಮ್ಮದೇ ಕಿಸೆಯಿಂದ.

ನನ್ನ ಜಗಳ ಮುಖ್ಯವಾಗಿ ಕವಳದೊಳಗಿನ ಹೊಗೆಸೊಪ್ಪಿನ ಜೊತೆ, ಬೀಡಿ, ಸಿಗರೇಟಿನ ಜೊತೆ. ಹಾಗೆಂದು ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೆ ಆಯಿತು ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆ ಮಾತು ಇನ್ನೊಮ್ಮೆ. ಇವತ್ತು ಹೊಟ್ಟೆಯ ಮಾತು.

ನಾವು ನುಂಗಿದ್ದು ಅನ್ನನಾಳದಿಂದ ಇಳಿದು ಹೊಟ್ಟೆಯ ಚೀಲಕ್ಕೆ ಬೀಳುತ್ತದೆ. ಎರಡೂ ಕೂಡುವ ಕಡೆ ಮಾಂಸದ ಒಂದು ಬಿಗಿ ಉಂಗುರ ಇದೆ. ಅಕ್ಕಿ ಚೀಲದ ಬಾಯಿಗೆ ಹಗ್ಗ ಕಟ್ಟುತ್ತೇವಲ್ಲ, ಹಾಗೆ. ನುಂಗುವಾಗ ಅದು ಸಡಿಲವಾಗಿ, ಆಮೇಲೆ ಬಿಗಿಯುತ್ತದೆ. ಹೊಟ್ಟೆಯೊಳಗಿನ ಆಮ್ಲ ಮೇಲೆ ಬಾರದಂತೆ ತಡೆಯುವುದೇ ಅದರ ಕೆಲಸ. ಹೊಟ್ಟೆಯ ಒಳಗೋಡೆಗೆ ಆಮ್ಲ ತಡೆದುಕೊಳ್ಳುವ ಲೋಳೆಯ ಪದರ ಇದೆ. ಅನ್ನನಾಳಕ್ಕೆ ಅಷ್ಟು ರಕ್ಷಣೆ ಇಲ್ಲ. ಅಲ್ಲಿಗೆ ಆಮ್ಲ ಏರಿದರೆ ಎದೆಯುರಿ, ಹುಳಿತೇಗು, ಗಂಟಲಿನಲ್ಲಿ ಕಹಿ.

ಹೊಗೆಸೊಪ್ಪಿನ ನಿಕೋಟಿನ್ ಆ ಉಂಗುರವನ್ನು ಸಡಿಲ ಮಾಡುತ್ತದೆ. ಬೀಡಿಯ ಹೊಗೆಯಿಂದ ಬಂದರೂ ಅಷ್ಟೇ, ದವಡೆಯಲ್ಲಿಟ್ಟ ಎಸಳಿನಿಂದ ರಕ್ತಕ್ಕೆ ಇಳಿದರೂ ಅಷ್ಟೇ. ಈಗ "ಕವಳ ಹಾಕಿದ ಮೇಲೆ ತೇಗು ಬಂದು ಹೊಟ್ಟೆ ಹಗುರಾಗ್ತದೆ" ಎನ್ನುವ ಮಾತು ನೋಡಿ. ಅದು ಸುಳ್ಳಲ್ಲ, ತೇಗು ಬರುತ್ತದೆ. ಆದರೆ ತೇಗು ಬರುವುದು ಆ ಉಂಗುರ ತೆರೆದಾಗ. ಗಾಳಿ ಹೊರಬಂದ ಬಾಗಿಲಿನಿಂದಲೇ ಆಮ್ಲವೂ ಬರುತ್ತದೆ. ನಾವು ಅರಗಿತು ಎಂದುಕೊಳ್ಳುವುದು ಬಾಗಿಲು ಸಡಿಲವಾದ ಸದ್ದು.

ಎರಡನೆಯದು ಉಗುಳು. ಜೊಲ್ಲಿನಲ್ಲಿ ಆಮ್ಲವನ್ನು ತಣಿಸುವ ಕ್ಷಾರ ಇರುತ್ತದೆ. ಅನ್ನನಾಳಕ್ಕೆ ಏರಿದ ಆಮ್ಲವನ್ನು ತೊಳೆದು ಕೆಳಗಿಳಿಸುವುದು ನಾವು ಆಗಾಗ ನುಂಗುವ ಜೊಲ್ಲು. ಸೇದುವವರಲ್ಲಿ ಈ ಕ್ಷಾರ ಕಡಿಮೆಯಾಗುತ್ತದೆ, ಏರಿದ ಆಮ್ಲ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತದೆ. ಜಗಿಯುವವರ ಬಾಯಲ್ಲಿ ಜೊಲ್ಲು ಬೇಕಾದಷ್ಟು ಬರುತ್ತದೆ, ಆದರೆ ಅದನ್ನು ನುಂಗುವವರು ಯಾರು? ದೇಹ ಕೊಟ್ಟ ಮದ್ದು ರಸ್ತೆಯ ಬದಿಗೆ ಹೋಗುತ್ತದೆ.

ಇನ್ನು ಹುಣ್ಣು. ಅಲ್ಸರ್‌ಗೆ ಮುಖ್ಯ ಕಾರಣ ಎರಡು. ಒಂದು, ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ. ಇನ್ನೊಂದು, ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ. ಸಿಗರೇಟು, ಬೀಡಿಯ ಹೊಗೆ ಈ ಎರಡಕ್ಕೂ ಕೈಜೋಡಿಸುತ್ತದೆ. ಹೊಟ್ಟೆಯ ಒಳಗೋಡೆಗೆ ರಕ್ತ ಹರಿಯುವುದನ್ನು ತಗ್ಗಿಸುತ್ತದೆ, ಲೋಳೆಯ ರಕ್ಷಣೆಯನ್ನು ತೆಳ್ಳಗೆ ಮಾಡುತ್ತದೆ. ಆದ ಹುಣ್ಣು ಬೇಗ ಮಾಯುವುದಿಲ್ಲ, ಮಾಯ್ದದ್ದು ಮತ್ತೆ ಏಳುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ವೈದ್ಯರು ಕೊಡುವ ಔಷಧಿಯೂ ಸೇದುವವರಲ್ಲಿ ಹೆಚ್ಚು ಸಲ ಸೋಲುತ್ತದೆ.

"ಮಾತ್ರೆ ಇದೆಯಲ್ಲ" ಎನ್ನುವವರಿಗೆ ಒಂದು ಹಳೆಯ ಲೆಕ್ಕ ಹೇಳುತ್ತೇನೆ. 1984ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಲ್ಸರ್ ಅಧ್ಯಯನ ಪ್ರಕಟವಾಯಿತು. ಹುಣ್ಣು ಮಾಯ್ದವರಲ್ಲಿ ಕೆಲವರಿಗೆ ಆಗಿನ ಕಾಲದ ಆಮ್ಲದ ಮಾತ್ರೆ ಸಿಮೆಟಿಡಿನ್, ಉಳಿದವರಿಗೆ ಮದ್ದಿಲ್ಲದ ಹುಸಿ ಮಾತ್ರೆ ಕೊಟ್ಟು, ಯಾರಿಗೆ ಮತ್ತೆ ಹುಣ್ಣು ಬರುತ್ತದೆ ಎಂದು ನೋಡಿದರು. ಹುಸಿ ಮಾತ್ರೆ ತಿಂದು ಸಿಗರೇಟು ಸೇದಿದವರಲ್ಲಿ 100ಕ್ಕೆ 72 ಮಂದಿಗೆ ಮತ್ತೆ ಬಂತು. ನಿಜವಾದ ಮಾತ್ರೆ ತಿಂದು ಸೇದಿದವರಲ್ಲಿ 34 ಮಂದಿಗೆ. ಹುಸಿ ಮಾತ್ರೆ ತಿಂದೂ ಸೇದದೆ ಇದ್ದವರಲ್ಲಿ ಕೇವಲ 21 ಮಂದಿಗೆ. ಮಾತ್ರೆ ತಿನ್ನುತ್ತಾ ಸೇದುವವನಿಗಿಂತ, ಮಾತ್ರೆಯಿಲ್ಲದೆ ಸೇದದೇ ಇರುವವನ ಹೊಟ್ಟೆ ಮೇಲು ಎಂದಾಯಿತು. ಈಗಿನ ಮಾತ್ರೆಗಳು ಇನ್ನೂ ಬಲವಾದವು, ನಿಜ. ಆದರೂ ಆ ಲೆಕ್ಕ ಕಲಿಸಿದ ಪಾಠ ಹಾಗೆಯೇ ಇದೆ.

ಇದನ್ನು ನಮ್ಮ ಕಡೆಯ ಒಂದು ದಿನಕ್ಕೆ ಹೊಂದಿಸಿ ನೋಡೋಣ. ತೆಂಗಿನಗುಂಡಿ ಬಂದರಿನಿಂದ ದೋಣಿಗೆ ಹೋಗುವ ಒಬ್ಬರನ್ನು ಊಹಿಸಿಕೊಳ್ಳಿ. ನಸುಕಿಗೆ ಎದ್ದು ಖಾಲಿ ಹೊಟ್ಟೆಗೆ ಕಪ್ಪು ಚಾ, ಜೊತೆಗೆ ಬೀಡಿ. ಹೊಟ್ಟೆಯಲ್ಲಿ ಅನ್ನವಿಲ್ಲ, ಆಮ್ಲ ಇದೆ, ಉಂಗುರ ಸಡಿಲ. ಬಲೆ ಎಳೆಯುವಾಗ ಬಗ್ಗಿ ಬಗ್ಗಿ ಹೊಟ್ಟೆ ಒತ್ತುತ್ತದೆ, ದವಡೆಯಲ್ಲಿ ಹೊಗೆಸೊಪ್ಪು ಇದ್ದೇ ಇರುತ್ತದೆ. ದಡಕ್ಕೆ ಬಂದ ಮೇಲೆ ಸೊಂಟ ನೋವಿಗೆಂದು ಅಂಗಡಿಯಿಂದ ಕೇಳಿ ತಂದ ನೋವಿನ ಮಾತ್ರೆ. ರಾತ್ರಿ ತಡವಾಗಿ ಮೀನು ಸಾರು, ಅನ್ನ ಉಂಡು, ಕವಳ ಹಾಕಿ, ಬಾಯಿ ತೊಳೆದು ಮಲಗುತ್ತಾರೆ. ಎರಡು ಗಂಟೆ ಕಳೆಯುವುದರೊಳಗೆ ಎದೆ ಉರಿದು ಎಚ್ಚರ. ಮಲಗಿದಾಗ ಆಮ್ಲಕ್ಕೆ ಏರಬೇಕಾದ ಎತ್ತರವೇ ಇಲ್ಲ, ನಿದ್ದೆಯಲ್ಲಿ ಜೊಲ್ಲು ನುಂಗುವುದೂ ಕಡಿಮೆ. ಎದ್ದು ಗ್ಯಾಸಿನ ಮಾತ್ರೆ ನುಂಗಿ, ಬೆಳಿಗ್ಗೆ ಮತ್ತೆ ಬೀಡಿ. ಬೈಗುಳ ಮಾತ್ರ ಸಾರಿನ ಖಾರಕ್ಕೆ, ಸಾರು ಮಾಡಿದ ಹೆಂಡತಿಗೆ.

ಮಾತ್ರೆಯನ್ನೂ ಸರಿಯಾಗಿ ತಿನ್ನುವುದಿಲ್ಲ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಉರಿ ಬಂದಾಗ ನುಂಗುವ ಮಾತ್ರೆಗಳಲ್ಲ. ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು, ಸಾಮಾನ್ಯವಾಗಿ ಬೆಳಿಗ್ಗೆ, ವೈದ್ಯರು ಹೇಳಿದಷ್ಟು ದಿನ ತಿನ್ನಬೇಕಾದವು. ಅವು ಆಮ್ಲ ಹುಟ್ಟುವುದನ್ನು ತಗ್ಗಿಸುತ್ತವೆ. ಸಡಿಲವಾದ ಉಂಗುರವನ್ನು ಬಿಗಿ ಮಾಡುವುದಿಲ್ಲ.

ಬಿಟ್ಟರೆ ಏನಾಗುತ್ತದೆ? ಜಪಾನಿನಲ್ಲಿ ಸಿಗರೇಟು ಬಿಡಲು ಚಿಕಿತ್ಸೆ ಪಡೆದ ರೋಗಿಗಳನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2016ರಲ್ಲಿ ಬಂತು. ಬಿಟ್ಟವರಲ್ಲಿ 100ಕ್ಕೆ 44 ಮಂದಿಯ ಎದೆಯುರಿ ಸುಧಾರಿಸಿತ್ತು. ಬಿಡಲಾಗದವರಲ್ಲಿ 18 ಮಂದಿಯದು ಮಾತ್ರ. ಈ ಲೆಕ್ಕವನ್ನು ಉಬ್ಬಿಸಿ ಹೇಳುವುದು ಬೇಡ. ಬಿಟ್ಟವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಸುಧಾರಣೆ ಕಾಣಲಿಲ್ಲ. ಬೊಜ್ಜು, ತಡರಾತ್ರಿಯ ಊಟ, ಸಾರಾಯಿ ಇವೆಲ್ಲ ಬೇರೆ ಕಾರಣಗಳು. ಮೇಲಿನ ಎರಡೂ ಅಧ್ಯಯನ ಸಿಗರೇಟಿನವು. ಜಗಿಯುವವರ ಮೇಲೆ ನಡೆದ ಅಧ್ಯಯನ ಇದಕ್ಕಿಂತ ಕಡಿಮೆ. ಆದರೆ ಉಂಗುರ ಸಡಿಲ ಮಾಡುವ ನಿಕೋಟಿನ್ ಎರಡರಲ್ಲೂ ಒಂದೇ. ಕರ್ನಾಟಕದಲ್ಲಂತೂ ಸೇದುವವರಿಗಿಂತ ಜಗಿಯುವವರೇ ಹೆಚ್ಚು ಎಂದು 2016-17ರ ತಂಬಾಕು ಸಮೀಕ್ಷೆ ಹೇಳುತ್ತದೆ. ಹಾಗಾಗಿ "ನಾನು ಸೇದುವುದಿಲ್ಲ, ಬರೀ ಕವಳ" ಎಂದು ಜಾರಿಕೊಳ್ಳಲು ದಾರಿಯಿಲ್ಲ.

ಬಿಡುವವರಿಗೆ ಮೊದಲೇ ಗೊತ್ತಿರಬೇಕಾದ ಒಂದು ವಿಷಯವಿದೆ. ಮೊದಲ ಕೆಲವು ವಾರ ಹೊಟ್ಟೆ ಕಟ್ಟಬಹುದು. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಅದಕ್ಕೇ ಹಲವರಿಗೆ ಬೀಡಿ ಎಳೆಯದೆ ಬೆಳಿಗ್ಗೆ ಹೊಟ್ಟೆ ಖಾಲಿಯಾಗುವುದಿಲ್ಲ. ಅದು ನಿಂತಾಗ ಕರುಳು ಸ್ವಲ್ಪ ದಿನ ನಿಧಾನವಾಗುತ್ತದೆ. "ಬಿಟ್ಟದ್ದೇ ತಪ್ಪಾಯ್ತು, ಹೊಟ್ಟೆ ಕೆಟ್ಟಿತು" ಎಂದು ಬಹಳ ಜನ ಮರಳಿ ಶುರು ಮಾಡುವುದು ಇಲ್ಲೇ. ನೀರು ಹೆಚ್ಚು ಕುಡಿಯಿರಿ, ಸೊಪ್ಪು ತರಕಾರಿ, ಬಾಳೆಹಣ್ಣು ತಿನ್ನಿ. ಅದು ತಾನೇ ಸರಿಹೋಗುತ್ತದೆ.

ಚಟ ಎದ್ದು ಕುಣಿಯುವುದು ಒಂದೊಂದು ಸಲಕ್ಕೆ ಕೆಲವೇ ನಿಮಿಷ. ಆ ಹೊತ್ತು ದಾಟಿಸಲು ಔಷಧ ಅಂಗಡಿಯಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಕವಳದಂತೆ ಜಗಿಜಗಿದು ನುಂಗಿದರೆ ಬಿಕ್ಕಳಿಕೆ, ಮತ್ತದೇ ಎದೆಯುರಿ. ನಾಲ್ಕು ಸಲ ಜಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆಯ ಮೂಲೆಗೆ ಒತ್ತಿ ಇಟ್ಟು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಹುಣ್ಣು, ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಮಾತಾಡಲು ಜನ ಬೇಕಿದ್ದರೆ 1800-11-2356ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರು ನೀವು ಕೊಳ್ಳುವ ತಂಬಾಕಿನ ಪ್ಯಾಕೆಟ್ಟಿನ ಮೇಲೆಯೇ ಅಚ್ಚಾಗಿದೆ. ಬಿಡಿಯಾಗಿ ಕೊಳ್ಳುವ ಹೊಗೆಸೊಪ್ಪಿನ ಎಸಳಿನ ಮೇಲೆ ಮಾತ್ರ ಯಾರೂ ಏನೂ ಅಚ್ಚು ಹಾಕಿಲ್ಲ.

ಎಲ್ಲ ಉರಿಯೂ ಗ್ಯಾಸ್ ಅಲ್ಲ ಎನ್ನುವುದನ್ನು ಮರೆಯಬೇಡಿ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಬಂದರೆ, ಅನ್ನ ನುಂಗುವಾಗ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಹೊಟ್ಟೆಯಲ್ಲಿ ಚೂರಿ ಹಾಕಿದಂತೆ ಹಠಾತ್ ನೋವು ಬಂದರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಎದೆ ಉರಿಯ ಜೊತೆ ಬೆವರು, ಉಬ್ಬಸ, ಎಡಗೈಗೆ ಅಥವಾ ದವಡೆಗೆ ಹರಿಯುವ ನೋವು ಇದ್ದರೆ ಅದು ಹೃದಯಾಘಾತ ಇರಬಹುದು. ತಂಬಾಕಿನವರಿಗೆ ಆ ಅಪಾಯವೂ ಹೆಚ್ಚು.

ಕೊನೆಗೆ, ಬೇರೆಯವರ ಪಾಲಿನ ಮಾತು. ಗ್ಯಾಸಿನ ಮಾತ್ರೆ ಕೇಳಿ ಬಂದವರಿಗೆ ಔಷಧ ಅಂಗಡಿಯವರು "ಹತ್ತು ಬೇಕಾ, ಹದಿನೈದಾ?" ಎಂದು ಕೇಳುತ್ತಾರೆ. ವೈದ್ಯರು ಖಾರ, ಎಣ್ಣೆ, ಚಾ ಬಗ್ಗೆ ಕೇಳುತ್ತಾರೆ. "ಬಾಯಲ್ಲಿ ಏನಿದೆ?" ಎಂದು ಮೊದಲು ಕೇಳಬೇಕಿತ್ತು. ಕೆಂಪು ತುಟಿ, ಬೀಡಿಯ ನಾತ ಎದುರಿಗೇ ಇರುವಾಗ ಚೀಟಿ ಬರೆದು ಕಳಿಸುವುದು ಚಿಕಿತ್ಸೆಯಲ್ಲ. ಮನೆಯವರ ಪಾಲೂ ಇದೆ. ಬಂದ ನೆಂಟರಿಗೆ ಬೆಲ್ಲ ನೀರು ಕೊಡಿ, ಬಾಳೆಹಣ್ಣು ಕೊಡಿ. ಅರಗುತ್ತದೆ ಎನ್ನುವ ಹೆಸರಲ್ಲಿ ತಟ್ಟೆಯಲ್ಲಿ ಹೊಗೆಸೊಪ್ಪು ಇಡುವುದನ್ನಂತೂ ಇವತ್ತೇ ನಿಲ್ಲಿಸಬಹುದು. ಅದಕ್ಕೆ ಯಾವ ವೈದ್ಯರ ಚೀಟಿಯೂ ಬೇಡ.